ಗುಂಪು ದೊಡ್ಡದಾದರೆ ದನ ತಲೆ ಎತ್ತುವುದು ಕಡಿಮೆಯಾಗುತ್ತದಾ? ಗದ್ದೆ ಬಯಲಲ್ಲೇ ಮಾಡಿ ನೋಡುವ ಅಧ್ಯಯನ

ಮೇಯುವ ಪ್ರಾಣಿಗೆ ಒಂದು ಕಷ್ಟವಿದೆ. ತಲೆ ತಗ್ಗಿಸಿದರೆ ಹೊಟ್ಟೆ ತುಂಬುತ್ತದೆ, ಆದರೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ತಲೆ ಎತ್ತಿದರೆ ಚಿರತೆ ಕಂಡೀತು, ಆದರೆ ಹುಲ್ಲು ಬಾಯಿಗೆ ಬರುವುದಿಲ್ಲ. ಜೊತೆಯಲ್ಲಿ ಹತ್ತು ಪ್ರಾಣಿಗಳಿದ್ದರೆ ಯಾವುದಾದರೊಂದು ತಲೆ ಎತ್ತಿಯೇ ಇರುತ್ತದೆ, ಹಾಗಾಗಿ ಪ್ರತಿಯೊಂದೂ ಸ್ವಲ್ಪ ನಿಶ್ಚಿಂತೆಯಿಂದ ಮೇಯಬಹುದು. ಇದನ್ನು 'ಹಲವು ಕಣ್ಣು' ವಾದ ಎನ್ನುತ್ತಾರೆ. 1973ರಲ್ಲಿ ರೊನಾಲ್ಡ್ ಪುಲಿಯಮ್ ಇದಕ್ಕೆ ಒಂದು ಗಣಿತದ ರೂಪ ಕೊಟ್ಟರು. ಅದರ ತಿರುಳು ಸರಳ. ಒಂದು ಪ್ರಾಣಿ ನೂರರಲ್ಲಿ 20 ಪಾಲು ಸಮಯ ತಲೆ ಎತ್ತಿರುತ್ತದೆ ಎಂದುಕೊಳ್ಳಿ. ಯಾವುದೋ ಒಂದು ಕ್ಷಣದಲ್ಲಿ ಕನಿಷ್ಠ ಒಂದಾದರೂ ನೋಡುತ್ತಿರುವ ಸಾಧ್ಯತೆ ಒಂಟಿಯಾಗಿದ್ದಾಗ 20%, ಎರಡಿದ್ದಾಗ 36%, ಐದಿದ್ದಾಗ 67%, ಹತ್ತಿದ್ದಾಗ 89%. ಮೊದಮೊದಲು ಜೊತೆಗಾರರು ಸೇರಿದಂತೆ ಲಾಭ ಜಾಸ್ತಿ, ಆಮೇಲೆ ಸೇರುವವರಿಂದ ಅಷ್ಟೇನೂ ಇಲ್ಲ.

ಇದನ್ನು ಪರೀಕ್ಷಿಸಲು ಆಫ್ರಿಕಕ್ಕೆ ಹೋಗಬೇಕಿಲ್ಲ. ಜಿಂಕೆಯೂ ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಭತ್ತ ಕೊಯ್ಲಾದ ಮೇಲೆ ಗದ್ದೆ ಬಯಲಿಗೆ ದನ ಬಿಡುತ್ತಾರಲ್ಲ, ಆ ಮಲೆನಾಡು ಗಿಡ್ಡ ದನಗಳೇ ಸಾಕು. ನನ್ನ ಮಟ್ಟಿಗೆ ಹೊಸಬರಿಗೆ ಇವು ಜಿಂಕೆಗಿಂತ ಒಳ್ಳೆಯವು. ಕಾರಣ ಒಂದೇ: ಪ್ರತಿ ದನಕ್ಕೂ ಹೆಸರಿದೆ. ಅದೇ ಕೆಂಪಿಯನ್ನು ಇವತ್ತು ಸಣ್ಣ ಗುಂಪಿನಲ್ಲಿ, ನಾಳೆ ದೊಡ್ಡ ಗುಂಪಿನಲ್ಲಿ ನೋಡಬಹುದು. ಜಿಂಕೆಯಲ್ಲಿ ಅದು ಬಹಳ ಕಷ್ಟ. ಸಣ್ಣ ಗುಂಪಿನಲ್ಲಿದ್ದದ್ದು ಹುಟ್ಟಾ ಹೆದರುಪುಕ್ಕಲ ಜಿಂಕೆಯೋ, ಗುಂಪು ಸಣ್ಣದಿದ್ದದ್ದಕ್ಕೆ ಹೆದರಿತ್ತೋ ಗೊತ್ತಾಗುವುದೇ ಇಲ್ಲ.

ಜಾಗ, ಹೊತ್ತು, ಮತ್ತು ಪ್ರಶ್ನೆ

ಒಂದು ಬದಿಗೆ ಸೊಪ್ಪಿನ ಬೆಟ್ಟವೋ ಕಾಡೋ ತಾಗಿಕೊಂಡಿರುವ ಗದ್ದೆ ಬಯಲು ಹುಡುಕಿ. ಎರಡು ಮೂರು ಮನೆಯ ದನಗಳು ಅಲ್ಲಿ ಮೇಯುತ್ತಿದ್ದರೆ ಇನ್ನೂ ಒಳ್ಳೆಯದು. ಬೆಳಗಿನಿಂದ ಅವು ಕೂಡುತ್ತವೆ, ಚದುರುತ್ತವೆ, ಹಾಗಾಗಿ ಗುಂಪಿನ ಗಾತ್ರ ತಾನಾಗಿ ಬದಲಾಗುತ್ತದೆ. ನೀವು ದನವನ್ನು ಬೇರ್ಪಡಿಸಿ ಕಟ್ಟುವ ಕೆಲಸ ಬೇಡ. ಒಂಟಿ ಮಾಡಿದ ದನ ತಲೆ ಎತ್ತುತ್ತದೆ ನಿಜ, ಆದರೆ ಚಿರತೆಗಾಗಿ ಅಲ್ಲ, ಜೊತೆಯವರು ಎಲ್ಲಿ ಹೋದರು ಅಂತ. ಅಂಬಾ ಎಂದು ಕೂಗುತ್ತಾ ಬೇಲಿಯುದ್ದಕ್ಕೂ ಓಡಾಡುವ ದನದ ಲೆಕ್ಕ ನಮ್ಮ ಪ್ರಶ್ನೆಗೆ ಉತ್ತರವಲ್ಲ.

ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ: "ಅದೇ ದನ, ಕಾಡಿನ ಅಂಚಿನಿಂದ ಅಷ್ಟೇ ದೂರದಲ್ಲಿ, 2–3ರ ಗುಂಪಿನಲ್ಲಿರುವುದಕ್ಕಿಂತ 7 ಅಥವಾ ಹೆಚ್ಚಿನ ಗುಂಪಿನಲ್ಲಿರುವಾಗ ಕಡಿಮೆ ಹೊತ್ತು ತಲೆ ಎತ್ತಿ ನೋಡುತ್ತದೆಯೇ?" ನಡುವಿನ ಗಾತ್ರದ ಗುಂಪುಗಳನ್ನು ಸುಮ್ನೆ ಬಿಟ್ಟುಬಿಡಿ. ಮೊದಲ ಅಧ್ಯಯನಕ್ಕೆ ಎರಡು ತುದಿ ಸಾಕು. ಆ ವಾಕ್ಯದಲ್ಲಿರುವ 'ಅಷ್ಟೇ ದೂರದಲ್ಲಿ' ಎಂಬ ಮಾತು ಯಾಕೆ ಬಂತು ಎಂಬುದಕ್ಕೆ ಮುಂದೆ ಬರುತ್ತೇನೆ. ಇಡೀ ಅಧ್ಯಯನ ನಿಂತಿರುವುದೇ ಅದರ ಮೇಲೆ.

'ಗುಂಪು' ಎಂದರೆ ಏನು ಅಂತಲೂ ಮೊದಲೇ ತೀರ್ಮಾನವಾಗಬೇಕು. ಒಂದು ದನದಿಂದ ಇನ್ನೊಂದಕ್ಕೆ 30 ಮೀಟರ್ ಒಳಗಿದ್ದರೆ ಎರಡೂ ಒಂದೇ ಗುಂಪು, ಎರಡನೆಯದರಿಂದ ಮೂರನೆಯದು 30 ಮೀಟರ್ ಒಳಗಿದ್ದರೆ ಅದೂ ಸೇರಿತು, ಹೀಗೆ ಸರಪಳಿಯಂತೆ. 30 ಎಂಬ ಅಂಕಿಯಲ್ಲಿ ವಿಶೇಷ ಏನಿಲ್ಲ, 40 ಇಟ್ಟುಕೊಂಡರೂ ನಡೆಯುತ್ತದೆ. ನಡುವೆ ಬದಲಾಯಿಸಬಾರದು ಅಷ್ಟೇ. ದೂರ ಅಳೆಯಲು ಗದ್ದೆಯ ಬದುಗಳೇ ಅಳತೆಗೋಲು. ದನ ಇಲ್ಲದ ಹೊತ್ತಲ್ಲಿ ಹೋಗಿ, ಬದುವಿನಿಂದ ಬದುವಿಗೆ ಟೇಪಿನಲ್ಲಿ ಅಳೆದು, ಒಂದು ಕಾಗದದಲ್ಲಿ ನಕ್ಷೆ ಬರೆದುಕೊಳ್ಳಿ. ಆಮೇಲೆ 'ಮೂರನೇ ಬದುವಿನ ಈಚೆ' ಎಂದು ಬರೆದರೆ ಅದು ಕಾಡಿನಿಂದ ಎಷ್ಟು ಮೀಟರ್ ಅಂತ ಮನೆಯಲ್ಲಿ ಕೂತು ಹೇಳಬಹುದು.

ವರ್ತನೆಯ ಪಟ್ಟಿ, ಅಂದರೆ ಇಥೋಗ್ರಾಮ್

ಇಥೋಗ್ರಾಮ್ ಎಂದರೆ ಪ್ರಾಣಿ ಮಾಡುವ ಕೆಲಸಗಳ ಪಟ್ಟಿ, ಪ್ರತಿಯೊಂದಕ್ಕೂ ಕಣ್ಣಿಗೆ ಕಾಣುವ ವಿವರಣೆ ಸಮೇತ. ಎರಡು ನಿಯಮ. ಒಂದೇ ಕ್ಷಣ ಎರಡು ಹೆಸರಿಗೆ ಸೇರಬಾರದು, ಯಾವ ಕ್ಷಣವೂ ಹೆಸರಿಲ್ಲದೆ ಉಳಿಯಬಾರದು. 'ಜಾಗರೂಕವಾಗಿದೆ', 'ಹೆದರಿದೆ' ಎಂದು ಬರೆಯಬೇಡಿ. ಅದು ನಿಮ್ಮ ಊಹೆ. ತಲೆ ಎಲ್ಲಿದೆ, ದವಡೆ ಏನು ಮಾಡುತ್ತಿದೆ, ಕಾಲು ಚಲಿಸುತ್ತಿದೆಯಾ, ಇಷ್ಟೇ ಬರೆಯಬೇಕು.

ಈ ಕೆಲಸಕ್ಕೆ ನಾನು ಬಳಸುವ ಪಟ್ಟಿ ಇದು:

- ಮೇಯು: ಮೂತಿ ಮೊಣಕಾಲಿಗಿಂತ ಕೆಳಗೆ. ಹುಲ್ಲು ಕೀಳುತ್ತಿರಬಹುದು, ಮೂಸುತ್ತಿರಬಹುದು, ತಲೆ ತಗ್ಗಿಸಿಯೇ ಮುಂದೆ ಹೆಜ್ಜೆ ಇಡುತ್ತಿರಬಹುದು.
- ಎತ್ತಿ-ಅಗಿ: ತಲೆ ಬೆನ್ನಿನ ಗೆರೆಯ ಮಟ್ಟಕ್ಕೆ ಅಥವಾ ಅದಕ್ಕಿಂತ ಮೇಲೆ, ಕಾಲು ನಿಂತಿದೆ, ದವಡೆ ಆಡುತ್ತಿದೆ.
- ಎತ್ತಿ-ನಿಲ್ಲು: ತಲೆ ಅದೇ ಮಟ್ಟದಲ್ಲಿ, ಕಾಲು ನಿಂತಿದೆ, ದವಡೆಯೂ ನಿಂತಿದೆ.
- ನಡೆ: ತಲೆ ಮೊಣಕಾಲಿಗಿಂತ ಮೇಲಿದ್ದು, ಎರಡಕ್ಕಿಂತ ಹೆಚ್ಚು ಹೆಜ್ಜೆ.
- ಮೈ ಕೆಲಸ: ನೆಕ್ಕುವುದು, ತುರಿಸುವುದು, ನೊಣ ಓಡಿಸಲು ತಲೆ ಬೀಸುವುದು, ಇನ್ನೊಂದು ದನವನ್ನು ಹಾಯುವುದು.
- ಇತರೆ: ಮೇಲಿನ ಯಾವುದಕ್ಕೂ ಸೇರದ್ದು.
- ಕಾಣದು: ತಲೆ ಮರೆಯಾಗಿದೆ.

ಮಲಗಿ ಅಥವಾ ನಿಂತು ಮೆಲುಕು ಹಾಕುವ ದನವನ್ನು ನೋಡುವುದೇ ಬೇಡ. ನಮ್ಮ ಪ್ರಶ್ನೆ ಮೇಯುವ ಹೊತ್ತಿನದು.

ತಲೆ ಎತ್ತುವುದನ್ನು ಎರಡು ಮಾಡಿದ್ದು ಯಾಕೆ ಅಂತ ಕೇಳಬಹುದು. ಹತ್ತಿರದಿಂದ ಒಮ್ಮೆ ನೋಡಿ. ದನ ಬಾಯಿ ತುಂಬಾ ಹುಲ್ಲು ಕಿತ್ತು ತಲೆ ಎತ್ತುತ್ತದೆ. ಬಾಯಿಂದ ಎರಡು ಎಳೆ ಹೊರಗೆ ನೇತಾಡುತ್ತಿರುತ್ತವೆ, ದವಡೆ ಅಡ್ಡಡ್ಡ ತಿರುಗುತ್ತಿರುತ್ತದೆ, ಕಿವಿ ಒಂದೊಂದು ಒಂದೊಂದು ಕಡೆ. ಇದು ಪುಕ್ಕಟೆ ನೋಟ. ಹೇಗೂ ಅಗಿಯಬೇಕು, ಅಗಿಯುವಾಗ ನೋಡಿದರೆ ನಷ್ಟವೇನೂ ಇಲ್ಲ. ಇನ್ನೊಮ್ಮೆ ಬೆಟ್ಟದ ಕಡೆ ತರಗೆಲೆ ಸದ್ದಾಗುತ್ತದೆ. ತಲೆ ಏಳುತ್ತದೆ, ಎರಡೂ ಕಿವಿ ಆ ದಿಕ್ಕಿಗೆ, ಆ ಎರಡು ಎಳೆಗಳು ಅಲುಗಾಡದೆ ಹಾಗೇ ನಿಂತುಬಿಡುತ್ತವೆ. ದವಡೆ ನಿಂತಿದೆ ಎಂದು ದೂರದಿಂದ ಗೊತ್ತಾಗುವುದು ಆ ಎಳೆಗಳಿಂದಲೇ. ಇದು ಊಟ ಬಿಟ್ಟು ನೋಡಿದ ನೋಟ, ಬೆಲೆ ಕೊಟ್ಟ ನೋಟ. ಗುಂಪು ದೊಡ್ಡದಾದಾಗ ಕಡಿಮೆಯಾಗಬೇಕಾದದ್ದು ಮುಖ್ಯವಾಗಿ ಇದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಒರಟು ಹುಲ್ಲು ತಿಂದು ಜಾಸ್ತಿ ಅಗಿದ ದನವೂ 'ಜಾಗರೂಕ' ಎನಿಸಿಕೊಳ್ಳುತ್ತದೆ.

ನೋಡುವ ಕ್ರಮ

ಬಯಲನ್ನೆಲ್ಲ ಒಮ್ಮೆಗೇ ನೋಡುತ್ತಾ "ಅದು ತಲೆ ಎತ್ತಿತು, ಇದು ಎತ್ತಿತು" ಎಂದು ಬರೆಯುವುದು ಸುಲಭ, ಆದರೆ ತಪ್ಪು ದಾರಿ. ತಲೆ ಎತ್ತಿದ ದನ ಕಣ್ಣಿಗೆ ಬೀಳುತ್ತದೆ, ತಗ್ಗಿಸಿದ್ದು ಬೀಳುವುದಿಲ್ಲ. ಈ ಪಕ್ಷಪಾತದ ಬಗ್ಗೆ 1974ರಲ್ಲೇ ಜೀನ್ ಆಲ್ಟ್‌ಮನ್ ವಿವರವಾಗಿ ಬರೆದರು. ಇದಕ್ಕೆ ದಾರಿ ಎಂದರೆ ಒಂದೇ ದನವನ್ನು ಆರಿಸಿ, ನಿಗದಿತ ಹೊತ್ತು ಅದನ್ನು ಬಿಟ್ಟು ಬೇರೇನೂ ನೋಡದಿರುವುದು. ನಮಗೆ 5 ನಿಮಿಷ ಸಾಕು.

ಯಾವ ದನ ಎಂಬುದನ್ನು ನೀವು ಆರಿಸಬಾರದು. ಹೆಸರು ಬರೆದ ಚೀಟಿ ಎತ್ತಿ. ಬಂದ ದನ ಆಗ ನಡುವಿನ ಗಾತ್ರದ ಗುಂಪಿನಲ್ಲಿದ್ದರೆ ಅಥವಾ ಮೆಲುಕು ಹಾಕುತ್ತಿದ್ದರೆ ಮುಂದಿನ ಚೀಟಿ. ಹೀಗೆ ಮಾಡದಿದ್ದರೆ ಕೈ ತಾನಾಗಿ ಚೆಂದ ಕಾಣುವ ದನದ ಕಡೆ, ಈಗಷ್ಟೇ ತಲೆ ಎತ್ತಿದ ದನದ ಕಡೆ ಹೋಗುತ್ತದೆ. ಒಮ್ಮೆಗೆ ಒಂದೇ ದನ. ಒಂದು ತಲೆ ಎತ್ತಿದರೆ ಪಕ್ಕದ್ದೂ ನೋಡಿ ಎತ್ತುತ್ತದೆ, ಹಾಗಾಗಿ ಒಂದೇ ಹೊತ್ತಿನ ಎರಡು ದಾಖಲೆ ಎಂದರೆ ಒಂದನ್ನೇ ಎರಡು ಸಲ ಬರೆದ ಹಾಗೆ. (ಪುಲಿಯಮ್ ಲೆಕ್ಕದಲ್ಲಿ ಪ್ರತಿ ಪ್ರಾಣಿ ತನ್ನ ಪಾಡಿಗೆ ತಲೆ ಎತ್ತುತ್ತದೆ ಎಂಬ ಊಹೆ ಇತ್ತು. ನಿಜವಾದ ದನಗಳು ಅಷ್ಟು ಸ್ವತಂತ್ರರಲ್ಲ.)

ದಾಖಲಿಸಲು ಮೊಬೈಲ್ ವಿಡಿಯೋ ಒಳ್ಳೆಯದು. ಟ್ರೈಪಾಡ್ ಇಲ್ಲದಿದ್ದರೆ ಬದುವಿನ ಮೇಲೆ ಕಲ್ಲಿಟ್ಟು ಆನಿಸಿ. ವಿಡಿಯೋ ಆಗದಷ್ಟು ದೂರವಿದ್ದರೆ ದುರ್ಬೀನು ಹಿಡಿದು, ಧ್ವನಿ ರೆಕಾರ್ಡರ್ ಚಾಲೂ ಮಾಡಿ "ಮೇಯು… ಎತ್ತಿ-ಅಗಿ… ಮೇಯು" ಎಂದು ಬದಲಾದಾಗಲೆಲ್ಲ ಹೇಳುತ್ತಾ ಹೋಗಿ. ಮನೆಗೆ ಬಂದು ಕೇಳುತ್ತಾ ಸೆಕೆಂಡ್ ಬರೆದುಕೊಂಡರಾಯಿತು. ಕಾಗದ ನೋಡಲು ಕಣ್ಣು ತೆಗೆದರೆ ಎರಡು ಸೆಕೆಂಡಿನ ತಲೆ ಎತ್ತುವಿಕೆ ತಪ್ಪಿಹೋಗುತ್ತದೆ.

ಪ್ರತಿ 5 ನಿಮಿಷದ ಜೊತೆ ಇಷ್ಟು ಬರೆಯಿರಿ: ದನದ ಹೆಸರು, ಗುಂಪಿನ ಗಾತ್ರ, ಕಾಡಂಚಿನಿಂದ ದೂರ, ದನ ಗುಂಪಿನ ಹೊರಗಿತ್ತೋ ನಡುವಿತ್ತೋ, ಹುಲ್ಲು ಗಿಡ್ಡವೋ ಉದ್ದವೋ, ಚಿಕ್ಕ ಕರು ಜೊತೆಗಿದೆಯೋ, ಹೊತ್ತು. ಕರುವಿನ ಕಾಲಮ್ಮನ್ನು ಬಿಡಬೇಡಿ. ದನದ ಯಜಮಾನಿಯನ್ನೊಮ್ಮೆ ಕೇಳಿ ನೋಡಿ, "ಅದಾ? ಅದು ಕರು ಕಾಣದಿದ್ರೆ ಮೇಯೋದೇ ಇಲ್ಲ ಮಾರಾಯ್ರೆ" ಎಂಬ ಉತ್ತರ ಬರುತ್ತದೆ. ಅಂಥ ದನವನ್ನು ಈ ಸಲದ ಪಟ್ಟಿಯಿಂದ ಕೈಬಿಡುವುದೇ ಸರಿ.

ನೀವೂ ದನಕ್ಕೆ ನೋಡುವ ವಸ್ತುವೇ. ದಿನವೂ ಒಂದೇ ಮರದಡಿ, ಒಂದೇ ಬಣ್ಣದ ಬಟ್ಟೆಯಲ್ಲಿ ಕೂತು, ಹತ್ತು ನಿಮಿಷ ಬಿಟ್ಟು ಶುರು ಮಾಡಿ. ಬಕೆಟ್, ಚೀಲ ಹಿಡಿದು ಹೋಗಬೇಡಿ, ಹಿಂಡಿ ತಂದರು ಎಂದು ಎಲ್ಲವೂ ನಿಮ್ಮ ಕಡೆಯೇ ನೋಡುತ್ತವೆ. ನಾಯಿ ಬಂದರೆ, ಜನ ಹಾದುಹೋದರೆ, ಗುಂಪಿನ ಗಾತ್ರ ನಡುವೆ ವರ್ಗ ಬದಲಿಸಿದರೆ ಆ 5 ನಿಮಿಷ ರದ್ದು. ರದ್ದು ಮಾಡುವ ನಿಯಮವನ್ನು ಮೊದಲೇ ಬರೆದಿಡಿ. ಫಲಿತಾಂಶ ನೋಡಿದ ಮೇಲೆ ರದ್ದು ಮಾಡಲು ಹೊರಟರೆ ಎಲ್ಲರ ಕೈಯೂ ತಮಗೆ ಬೇಕಾದ ಕಡೆ ಹೋಗುತ್ತದೆ.

ಕೊಯ್ಲಿನ ನಂತರದ ತಿಂಗಳುಗಳೇ ಮಂಗನ ಕಾಯಿಲೆಯ ಉಣುಗು ಏಳುವ ಹೊತ್ತೂ ಹೌದು. ಉದ್ದ ಪ್ಯಾಂಟು, ತುಂಬು ತೋಳು, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ಬೆಟ್ಟದಂಚಿನ ತರಗೆಲೆ ಮೇಲೆ ಕೂರಬೇಡಿ.

ಇಬ್ಬರು ಒಂದೇ ವಿಡಿಯೋ ನೋಡಿದರೆ?

ಮಾಹಿತಿ ಸಂಗ್ರಹ ಶುರುವಾಗುವ ಮುಂಚೆ ಇದನ್ನು ಮಾಡಲೇಬೇಕು. ಒಂದು 5 ನಿಮಿಷದ ವಿಡಿಯೋ ತಗೊಳ್ಳಿ. ಪ್ರತಿ 5 ಸೆಕೆಂಡಿಗೆ ನಿಲ್ಲಿಸಿದರೆ 60 ಕ್ಷಣ. ಇಬ್ಬರು ಬೇರೆ ಬೇರೆ ಕೂತು, ಪ್ರತಿ ಕ್ಷಣ 'ಎತ್ತಿ-ನಿಲ್ಲು' ಹೌದೋ ಅಲ್ಲವೋ ಬರೆಯಿರಿ.

ಉದಾಹರಣೆಗೆ, ಮೊದಲನೆಯವರು 12 ಸಲ 'ಹೌದು' ಎಂದರು, ಎರಡನೆಯವರು 15 ಸಲ. ಇಬ್ಬರೂ 'ಹೌದು' ಎಂದದ್ದು 9 ಕ್ಷಣ, ಇಬ್ಬರೂ 'ಅಲ್ಲ' ಎಂದದ್ದು 42. ಒಟ್ಟು ಒಪ್ಪಿಗೆ 60ರಲ್ಲಿ 51, ಅಂದರೆ 85%. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ದನ ಹೆಚ್ಚು ಹೊತ್ತು ಮೇಯುತ್ತಲೇ ಇರುತ್ತದೆ. ಕಣ್ಣು ಮುಚ್ಚಿ ಬರೆದಿದ್ದರೂ ಬಹಳಷ್ಟು 'ಅಲ್ಲ'ಗಳು ತಾಳೆಯಾಗುತ್ತಿದ್ದವು. ಆ ಪುಕ್ಕಟೆ ಒಪ್ಪಿಗೆಯನ್ನು ಕಳೆಯುವುದು ಕಪ್ಪಾ ಎಂಬ ಅಳತೆ. ಕೆಳಗೆ Po ಎಂದರೆ ಕಂಡುಬಂದ ಒಪ್ಪಿಗೆ, Pe ಎಂದರೆ ಆ ಪುಕ್ಕಟೆ ಒಪ್ಪಿಗೆ:

```
Po = 51/60 = 0.85
Pe = (12/60)(15/60) + (48/60)(45/60) = 0.65
kappa = (0.85 - 0.65) / (1 - 0.65) = 0.57
```

0.57 ಎಂದರೆ ಸಾಧಾರಣ. 0.8 ಹತ್ತಿರ ಬರುವ ತನಕ ಕೆಲಸ ಮುಂದುವರಿಸಬೇಡಿ. ಹಾಗಂತ ಜಗಳ ಆಡುವುದಲ್ಲ, ಒಪ್ಪದ 9 ಕ್ಷಣಗಳನ್ನು ಇಬ್ಬರೂ ಕೂಡಿ ನೋಡಿ. ಸಾಮಾನ್ಯವಾಗಿ ತಲೆ ಅರ್ಧಕ್ಕೆ ಎತ್ತಿದ ಕ್ಷಣಗಳೇ ಅವು, ಮೊಣಕಾಲಿಗಿಂತ ಮೇಲೆ, ಬೆನ್ನಿಗಿಂತ ಕೆಳಗೆ. ನನ್ನ ಪಟ್ಟಿಯಲ್ಲಿ ಅದು 'ಇತರೆ'ಗೆ ಹೋಗುತ್ತದೆ. ನಿಮ್ಮ ಬಯಲಲ್ಲಿ ಅದು ಪದೇ ಪದೇ ಬರುತ್ತಿದ್ದರೆ ಅದಕ್ಕೇ ಒಂದು ಹೆಸರು ಕೊಟ್ಟು, ವಿವರಣೆ ತಿದ್ದಿ, ಹೊಸ ವಿಡಿಯೋದಲ್ಲಿ ಮತ್ತೆ ಪರೀಕ್ಷಿಸಿ.

ಇದೇ ಹೊತ್ತಿನಲ್ಲಿ ಇನ್ನೊಂದು ಸಂಗತಿ ಗೊತ್ತಾಗಬಹುದು. ಸಾಕಿದ ದನ ಜಿಂಕೆಯಷ್ಟು ತಲೆ ಎತ್ತುವುದಿಲ್ಲ. ಹತ್ತು ವಿಡಿಯೋದಲ್ಲಿ ಏಳರಲ್ಲಿ 'ಎತ್ತಿ-ನಿಲ್ಲು' ಸೊನ್ನೆಯೇ ಬಂದರೆ 5 ನಿಮಿಷ ಸಾಲದು, 10 ಮಾಡಿ. ಸೊನ್ನೆಗಿಂತ ಕೆಳಗೆ ಇಳಿಯಲು ಜಾಗವಿಲ್ಲವಲ್ಲ.

ಎಷ್ಟು ಮಾಹಿತಿ ಬೇಕು

8 ದನ ಆರಿಸಿ. ಪ್ರತಿ ದನಕ್ಕೆ ನಾಲ್ಕು ಸ್ಥಿತಿ: ಸಣ್ಣ ಗುಂಪು–ಅಂಚಿನ ಹತ್ತಿರ, ಸಣ್ಣ–ದೂರ, ದೊಡ್ಡ–ಹತ್ತಿರ, ದೊಡ್ಡ–ದೂರ. 'ಹತ್ತಿರ' ಎಂದರೆ ಕಾಡಂಚಿನಿಂದ 30 ಮೀಟರ್ ಒಳಗೆ ಅಂತ ಇಟ್ಟುಕೊಳ್ಳಿ. ಪ್ರತಿ ಸ್ಥಿತಿಯಲ್ಲಿ ಬೇರೆ ಬೇರೆ ದಿನದ 4 ದಾಖಲೆ. ಒಟ್ಟು 128 ದಾಖಲೆ, ಹತ್ತಿರ ಹತ್ತಿರ 11 ಗಂಟೆಯ ನೋಟ. ಒಂದು ಬೆಳಿಗ್ಗೆ ಕೆಲಸಕ್ಕೆ ಬರುವ ದಾಖಲೆ ಹತ್ತು ಸಿಕ್ಕರೆ ಹದಿಮೂರು ಬೆಳಿಗ್ಗೆ ಬೇಕು. ಸಣ್ಣ ಗುಂಪುಗಳನ್ನೆಲ್ಲ ಮೊದಲ ವಾರ, ದೊಡ್ಡದನ್ನೆಲ್ಲ ಕೊನೆಯ ವಾರ ನೋಡಬೇಡಿ. ಅಷ್ಟರಲ್ಲಿ ಹುಲ್ಲು ಒಣಗಿರುತ್ತದೆ.

ಒಂದು ದಾಖಲೆಯ ಲೆಕ್ಕ ಹೀಗೆ. 300 ಸೆಕೆಂಡಿನಲ್ಲಿ 20 ಸೆಕೆಂಡು ತಲೆ ಮರೆಯಾಗಿತ್ತು. ಉಳಿದ 280ರಲ್ಲಿ 21 ಸೆಕೆಂಡು 'ಎತ್ತಿ-ನಿಲ್ಲು'. 21ನ್ನು 280ರಿಂದ ಭಾಗಿಸಿದರೆ 7.5%. ನಾಲ್ಕು ನಿಮಿಷಕ್ಕಿಂತ ಕಡಿಮೆ ಕಂಡಿದ್ದರೆ ಆ ದಾಖಲೆ ಬೇಡ.

ಅಂಚಿನ ದೂರ ಯಾಕೆ ಅಷ್ಟು ಮುಖ್ಯ

ಗುಂಪಿನ ಗಾತ್ರದ ಹಳೆಯ ಅಧ್ಯಯನಗಳನ್ನೆಲ್ಲ 1989ರಲ್ಲಿ ಮಾರ್ಕ್ ಎಲ್ಗರ್ ಒಟ್ಟಿಗೆ ಪರಿಶೀಲಿಸಿದರು. ಅವುಗಳಲ್ಲಿ ಬಹುಪಾಲು, ಗುಂಪಿನ ಜೊತೆ ಬದಲಾಗುವ ಬೇರೆ ಸಂಗತಿಗಳನ್ನು ಸರಿಯಾಗಿ ಬೇರ್ಪಡಿಸಿರಲಿಲ್ಲ ಎಂಬುದು ಅವರ ದೂರು. ನಮ್ಮ ಬಯಲಲ್ಲಿ ಅದು ಹೇಗೆ ಆಗುತ್ತದೆ ನೋಡಿ. ಕೆಳಗಿನ ಅಂಕಿಗಳು ವಿಷಯ ತಿಳಿಯಲೆಂದು ನಾನೇ ಇಟ್ಟದ್ದು.

ಒಂದು ದನದ ಸಣ್ಣ ಗುಂಪಿನ 10 ದಾಖಲೆಗಳ ಸರಾಸರಿ 14%, ದೊಡ್ಡ ಗುಂಪಿನ 10 ದಾಖಲೆಗಳದು 8%. ಹಲವು ಕಣ್ಣು ವಾದ ಗೆದ್ದಿತು ಅನ್ನಿಸುತ್ತದೆ. ಈಗ ದೂರದ ಕಾಲಮ್ ತೆರೆಯಿರಿ. ಸಣ್ಣ ಗುಂಪಿನ 10ರಲ್ಲಿ 8 ದಾಖಲೆ ಅಂಚಿನ ಹತ್ತಿರದ್ದು, ಅಲ್ಲಿ 16%. ದೂರದ್ದು 2, ಅಲ್ಲಿ 6%. ದೊಡ್ಡ ಗುಂಪಿನಲ್ಲಿ ಅಂಚಿನ ಹತ್ತಿರದ್ದು ಬರೀ 2, ಅಲ್ಲೂ 16%. ದೂರದ್ದು 8, ಅಲ್ಲೂ 6%. ಅಂದರೆ ಗುಂಪು ಏನೂ ಮಾಡಿಲ್ಲ. ದೊಡ್ಡ ಗುಂಪುಗಳು ಬಯಲ ನಡುವೆ ಇದ್ದವು, ಸಣ್ಣವು ಬೆಟ್ಟದ ಬುಡದಲ್ಲಿದ್ದವು, ಅಷ್ಟೇ. ಸರಾಸರಿ ನೋಡಿ ನಿಲ್ಲಿಸಿದ್ದರೆ ಇದು ಎಂದೂ ತಿಳಿಯುತ್ತಿರಲಿಲ್ಲ. ನಾಲ್ಕು ಸ್ಥಿತಿಯಲ್ಲೂ ಸಮನಾಗಿ ದಾಖಲೆ ಬೇಕು ಎಂದದ್ದು ಇದಕ್ಕೇ.

ಕೊನೆಯ ಲೆಕ್ಕ, ಅದರ ಮಿತಿ

128 ದಾಖಲೆ ಇದೆಯೆಂದು 128 ಸಾಕ್ಷಿ ಎಂದುಕೊಳ್ಳಬೇಡಿ. ಕೆಂಪಿಯ 16 ದಾಖಲೆ ಹೇಳುವುದು ಕೆಂಪಿಯ ಕಥೆ ಮಾತ್ರ. ಆದ್ದರಿಂದ ಮೊದಲು ಪ್ರತಿ ದನದ ಸರಾಸರಿ ತೆಗೆಯಿರಿ, ಒಂದೇ ದೂರದಲ್ಲಿ ಸಣ್ಣ ಗುಂಪಿನದು ಎಷ್ಟು, ದೊಡ್ಡದರದು ಎಷ್ಟು ಎಂದು. ಆಮೇಲೆ 8 ದನಗಳಲ್ಲಿ ಎಷ್ಟರಲ್ಲಿ ಇಳಿಯಿತು ಎಣಿಸಿ. ಏನೂ ಪರಿಣಾಮ ಇಲ್ಲದಿದ್ದರೆ ಇಳಿಯುವುದು ಏರುವುದು ನಾಣ್ಯ ಚಿಮ್ಮಿದಂತೆ ಸಮಸಮ ಇರಬೇಕು. 7ರಲ್ಲಿ ಇಳಿದು 1ರಲ್ಲಿ ಏರಿದ್ದರೆ ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಬರೆಯಿರಿ:

```
=2*BINOM.DIST(1,8,0.5,TRUE)
```

ಉತ್ತರ 0.07. ಬರೀ ಅದೃಷ್ಟದಿಂದಲೂ ಇಷ್ಟು ಓರೆಯಾದ ಫಲಿತಾಂಶ ನೂರಕ್ಕೆ ಏಳು ಸಲ ಬಂದೀತು, ಹಾಗಾಗಿ ಗಟ್ಟಿ ಮಾತು ಆಡುವ ಹಾಗಿಲ್ಲ. ಎಂಟಕ್ಕೆ ಎಂಟೂ ಇಳಿದರೆ 0.008. ಆಗ ಆಡಬಹುದು, ಆದರೆ 'ಈ ಬಯಲಿನ ದನಗಳಲ್ಲಿ' ಎಂದು ಸೇರಿಸಿ.

ತಲೆ ಎತ್ತುವುದು ಇಳಿದರೂ ಅದು ಧೈರ್ಯದಿಂದಲೇ ಆಗಬೇಕಿಲ್ಲ. ದೊಡ್ಡ ಗುಂಪಿನಲ್ಲಿ ಪಕ್ಕದವಳು ತಿಂದು ಮುಗಿಸುತ್ತಾಳೆ ಎಂಬ ಅವಸರಕ್ಕೂ ದನ ತಲೆ ತಗ್ಗಿಸಿಯೇ ಇರುತ್ತದೆ. ಎರಡನ್ನೂ ಪೂರ್ತಿ ಬೇರ್ಪಡಿಸಲು ಈ ಅಧ್ಯಯನ ಸಾಲದು, ಸುಳಿವು ಮಾತ್ರ ಸಿಗುತ್ತದೆ. ಭಯದ ವಿಷಯವಾಗಿದ್ದರೆ ಇಳಿಕೆ ಕಾಡಂಚಿನ ಹತ್ತಿರ ಜಾಸ್ತಿ ಕಾಣಬೇಕು. ಪೈಪೋಟಿಯಾಗಿದ್ದರೆ ಹುಲ್ಲು ಕಡಿಮೆ ಇರುವ ಕಡೆ ಜಾಸ್ತಿ ಕಾಣಬೇಕು, ಹಾಯುವುದು ತಳ್ಳುವುದೂ ಹೆಚ್ಚಿರಬೇಕು. ಹುಲ್ಲಿನ ಕಾಲಮ್ ಮತ್ತು 'ಮೈ ಕೆಲಸ'ದ ದಾಖಲೆ ಆಗ ಉಪಯೋಗಕ್ಕೆ ಬರುತ್ತವೆ. ಇನ್ನೂ ಒಂದು, ದನದ ಕಣ್ಣು ತಲೆಯ ಎರಡು ಪಕ್ಕದಲ್ಲಿದೆ. ತಲೆ ತಗ್ಗಿಸಿದಾಗಲೂ ಸುತ್ತಲಿನ ಬಹುಭಾಗ ಅದಕ್ಕೆ ಕಾಣುತ್ತಿರುತ್ತದೆ. ಹಾಗಾಗಿ ವರದಿಯಲ್ಲಿ 'ಜಾಗರೂಕತೆ ಕಡಿಮೆಯಾಯಿತು' ಎನ್ನುವುದಕ್ಕಿಂತ 'ತಲೆ ಎತ್ತಿ ನಿಂತ ಸಮಯ ಕಡಿಮೆಯಾಯಿತು' ಎಂದು ಬರೆಯುವುದೇ ನ್ಯಾಯ.

ಇದೇ ಪಟ್ಟಿ ಹಿಡಿದು ಮುಂದೆ ದಾಂಡೇಲಿ ಕಡೆಯ ಜಿಂಕೆಗೆ ಹೋಗುವ ಮನಸ್ಸಿದ್ದರೆ ಎರಡು ಬದಲಾವಣೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅಧ್ಯಯನ ಮಾಡುವಂತಿಲ್ಲ, ಅರ್ಜಿಯನ್ನು ತಿಂಗಳುಗಳ ಮುಂಚೆಯೇ ಹಾಕಿ. ಮತ್ತೆ, ಹೆಸರಿಲ್ಲದ ಜಿಂಕೆಗಳಲ್ಲಿ ಒಂದು ಗುಂಪಿನಿಂದ ಒಂದೇ ಜಿಂಕೆಯ ದಾಖಲೆ ತಗೊಳ್ಳಿ, ಅದೇ ದಿನ ಅದೇ ಜಾಗಕ್ಕೆ ಮರಳಬೇಡಿ. ಕೊಂಬಿರುವ ಗಂಡು, ಹೆಣ್ಣು, ಮರಿ ಜೊತೆಗಿರುವ ಹೆಣ್ಣು ಎಂದು ಬೇರೆ ಬೇರೆ ಬರೆಯಿರಿ. ಬೆದೆಯ ಕಾಲದ ಗಂಡು ತಲೆ ಎತ್ತುವುದು ಹುಲಿಗಿಂತ ಹೆಚ್ಚಾಗಿ ಇನ್ನೊಂದು ಗಂಡಿಗಾಗಿ.